ಅರೆತಲೆನೋವಿಗೆ ಮೂರು ಮಾತ್ರೆ: ಪ್ರಯೋಗಗಳು ಹೇಳಿದ್ದೆಷ್ಟು?

1996ರಲ್ಲಿ ‘ಸೆಫಲಾಲ್ಜಿಯಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಪ್ರಬಂಧಗಳು ಬಂದವು. ತಲೆನೋವಿನ ಸಂಶೋಧನೆಗೇ ಮೀಸಲಾದ ಪತ್ರಿಕೆ ಅದು. ಎರಡೂ ಪ್ರಬಂಧಗಳು ಜರ್ಮನಿಯ ವೈದ್ಯರವು. ದಿನವೂ ಮೆಗ್ನೀಷಿಯಂ ತೆಗೆದುಕೊಂಡರೆ ಮೈಗ್ರೇನ್ ಬರುವುದು ಕಡಿಮೆಯಾಗುತ್ತದೆಯೇ ಎಂದು ಎರಡೂ ತಂಡಗಳು ಹನ್ನೆರಡು ವಾರ ಪರೀಕ್ಷಿಸಿದ್ದವು. ಮೊದಲ ಪ್ರಯೋಗದಲ್ಲಿ 81 ಮಂದಿ ಇದ್ದರು. ಕೊನೆಯ ನಾಲ್ಕು ವಾರಗಳ ಲೆಕ್ಕ ನೋಡಿದಾಗ ಮೆಗ್ನೀಷಿಯಂ ತೆಗೆದುಕೊಂಡವರಲ್ಲಿ ನೋವು ಬರುವ ಸಲಗಳು ಶೇ 41.6ರಷ್ಟು ಇಳಿದಿದ್ದವು, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಶೇ 15.8ರಷ್ಟು. ಎರಡನೆಯ ಪ್ರಯೋಗದಲ್ಲಿ 69 ಮಂದಿ. ಅಲ್ಲಿ ಮೆಗ್ನೀಷಿಯಂ ಪಡೆದ 35 ಮಂದಿಯಲ್ಲಿ ಹತ್ತು ಜನಕ್ಕೆ ಗುಣ ಕಂಡಿತು, ಹುಸಿಮಾತ್ರೆ ಪಡೆದ 34 ಮಂದಿಯಲ್ಲೂ ಹತ್ತೇ ಜನಕ್ಕೆ. ನಡುವಿನ ಲೆಕ್ಕಾಚಾರದಲ್ಲೇ ಇದು ಗೊತ್ತಾಗಿ ಆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು.

ಒಂದೇ ವರ್ಷ, ಒಂದೇ ಪತ್ರಿಕೆ, ಒಂದೇ ದೇಶ, ಒಂದೇ ಖನಿಜ. ಒಂದು ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಇವತ್ತು ಮೆಡಿಕಲ್ ಶಾಪಿನಲ್ಲಿ ಮೆಗ್ನೀಷಿಯಂ, ರೈಬೋಫ್ಲೇವಿನ್, ಕೋಎನ್ಜೈಮ್ ಕ್ಯೂ ಟೆನ್ ಮೂರನ್ನೂ ಸೇರಿಸಿದ ಮಾತ್ರೆಗಳು ಸಿಗುತ್ತವೆ. ಡಬ್ಬಿಯ ಮೇಲೆ ‘ಪ್ರಯೋಗಗಳಿಂದ ಸಿದ್ಧವಾಗಿದೆ’ ಎಂಬ ಧಾಟಿಯ ಮಾತೂ ಇರುತ್ತದೆ. ಆ ಮಾತಿನ ಹಿಂದೆ ನಿಜವಾಗಿ ಎಷ್ಟು ಪ್ರಯೋಗಗಳಿವೆ, ಅವುಗಳಲ್ಲಿ ಎಷ್ಟು ಜನರಿದ್ದರು, ಏನು ಸಿಕ್ಕಿತು ಎಂದು ಒಮ್ಮೆ ನೋಡಬೇಕು. ನಮ್ಮ ರಾಜ್ಯದ ಮಟ್ಟಿಗಂತೂ ಇದು ಕೆಲವೇ ಜನರ ಚಿಂತೆಯಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ವಯಸ್ಕರನ್ನು ವಿಚಾರಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಸುಮಾರು ಶೇ 25 ಎಂದು ಆ ಸಮೀಕ್ಷೆ ಅಂದಾಜಿಸಿತು. ನಾಲ್ವರಲ್ಲಿ ಒಬ್ಬರು.

ಈ ಮೂರೇ ವಸ್ತುಗಳು ಏಕೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಮೈಗ್ರೇನ್ ಇರುವವರ ಮಿದುಳಿನಲ್ಲಿ, ನೋವಿಲ್ಲದ ದಿನಗಳಲ್ಲೂ, ಶಕ್ತಿಯ ದಾಸ್ತಾನು ಕಡಿಮೆ ಇರುವಂತೆ ಕೆಲವು ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡುಬಂದಿದೆ. ಜೀವಕೋಶದಲ್ಲಿ ಶಕ್ತಿ ತಯಾರಾಗುವುದು ಮೈಟೋಕಾಂಡ್ರಿಯಾದಲ್ಲಿ. ಅಲ್ಲಿ ಎಲೆಕ್ಟ್ರಾನುಗಳು ಒಂದು ಹಂತದಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಸಾಗುತ್ತವೆ. ಅದರ ಮೊದಲೆರಡು ಹಂತಗಳಿಗೆ ರೈಬೋಫ್ಲೇವಿನ್ ಎಂಬ ಬಿ2 ಜೀವಸತ್ವದಿಂದಾದ ಸಹಾಯಕ ಅಣುಗಳು ಬೇಕು. ಅಲ್ಲಿಂದ ಎಲೆಕ್ಟ್ರಾನನ್ನು ಮೂರನೆಯ ಹಂತಕ್ಕೆ ಹೊತ್ತೊಯ್ಯುವುದು ಕ್ಯೂ ಟೆನ್. ಮೆಗ್ನೀಷಿಯಂನ ಕೆಲಸ ಬೇರೆ. ನರಕೋಶಗಳನ್ನು ಉದ್ರೇಕಿಸುವ ಒಂದು ಬಗೆಯ ಗ್ರಾಹಕಗಳ ಬಾಯಿಗೆ ಅದು ಬಿರಡೆಯಂತೆ ಕೂತಿರುತ್ತದೆ. ಅದು ಕಡಿಮೆಯಾದರೆ ನರಕೋಶಗಳು ಬೇಗ ಕೆರಳುತ್ತವೆ, ಮೈಗ್ರೇನಿಗೆ ಮುಂಚೆ ಕೆಲವರ ಕಣ್ಣಮುಂದೆ ಮಿಂಚುಗೆರೆ ಹರಿಸುವ ಅಲೆ ಮಿದುಳಿನಲ್ಲಿ ಏಳುವುದು ಸುಲಭವಾಗುತ್ತದೆ.

ಈ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಕೇಳಲು ಚೆನ್ನಾಗಿದ್ದ ಎಷ್ಟೋ ವಿವರಣೆಗಳು ಪ್ರಯೋಗದಲ್ಲಿ ಬಿದ್ದುಹೋಗಿವೆ. ಅದರಲ್ಲೂ ಮೈಗ್ರೇನಿನಂಥ ಕಾಯಿಲೆಯಲ್ಲಿ ಹುಸಿಮಾತ್ರೆಯ ಜೊತೆ ಹೋಲಿಸದೆ ಯಾವ ಮಾತನ್ನೂ ನಂಬುವಂತಿಲ್ಲ. ಏಕೆಂದರೆ ಮೈಗ್ರೇನ್ ತಾನಾಗಿಯೇ ಏರಿಳಿಯುವ ಕಾಯಿಲೆ. ಒಂದು ತಿಂಗಳು ಹತ್ತು ದಿನ ಕಾಡುತ್ತದೆ, ಮುಂದಿನ ತಿಂಗಳು ನಾಲ್ಕೇ ದಿನ. ಜನ ವೈದ್ಯರ ಬಳಿ ಹೋಗುವುದು, ಹೊಸ ಮಾತ್ರೆ ಶುರುಮಾಡುವುದು ಯಾವಾಗ? ತಡೆಯಲಾಗದಷ್ಟು ಕೆಟ್ಟ ತಿಂಗಳಲ್ಲಿ. ಅತಿ ಕೆಟ್ಟ ತಿಂಗಳ ನಂತರ ಬರುವುದು ಹೆಚ್ಚಾಗಿ ಅದಕ್ಕಿಂತ ಒಳ್ಳೆಯ ತಿಂಗಳೇ. ನಡುವೆ ನುಂಗಿದ ಮಾತ್ರೆಗೆ, ಅದು ಯಾವುದೇ ಇರಲಿ, ಹೆಸರು ಬರುತ್ತದೆ. ಇದರ ಮೇಲೆ ನಿರೀಕ್ಷೆಯ ಬಲವೂ ಸೇರುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ 8ರಿಂದ 17 ವರ್ಷದ ಮಕ್ಕಳಿಗೆ ಮೈಗ್ರೇನ್ ತಡೆಯಲು ವೈದ್ಯರು ಸಾಮಾನ್ಯವಾಗಿ ಬರೆಯುವ ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಔಷಧಗಳನ್ನು ಹುಸಿಮಾತ್ರೆಯ ಜೊತೆ ಹೋಲಿಸಿದರು. ತಲೆನೋವಿನ ದಿನಗಳು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದವರು ಔಷಧ ಪಡೆದ ಗುಂಪುಗಳಲ್ಲಿ ಶೇ 52 ಮತ್ತು ಶೇ 55. ಹುಸಿಮಾತ್ರೆಯ ಗುಂಪಿನಲ್ಲಿ ಶೇ 61. ‘ನಮ್ಮ ಮಗಳಿಗೆ ಇದರಿಂದ ವಾಸಿಯಾಯಿತು’ ಎಂದು ಪರಿಚಿತರು ಹೇಳುವುದು ಸುಳ್ಳಲ್ಲ, ವಾಸಿಯಾಗಿದ್ದು ನಿಜವೇ. ‘ಇದರಿಂದ’ ಎಂಬುದು ಮಾತ್ರ ಅಷ್ಟು ಸುಲಭವಾಗಿ ಸಾಬೀತಾಗುವುದಿಲ್ಲ.

ಈಗ ಆ ಎರಡು ಜರ್ಮನ್ ಪ್ರಯೋಗಗಳಿಗೆ ಮರಳೋಣ. ಗೆದ್ದ ಪ್ರಯೋಗದಲ್ಲಿ ಕೊಟ್ಟದ್ದು ಮೆಗ್ನೀಷಿಯಂ ಸಿಟ್ರೇಟ್, ದಿನಕ್ಕೆ 600 ಮಿಲಿಗ್ರಾಂ ಮೆಗ್ನೀಷಿಯಂ ಒದಗಿಸುವಷ್ಟು. ಸೋತದ್ದರಲ್ಲಿ ಕೊಟ್ಟದ್ದು ಆಸ್ಪಾರ್ಟೇಟ್ ಎಂಬ ಬೇರೆ ಲವಣ, ದಿನಕ್ಕೆ ಸುಮಾರು 490 ಮಿಲಿಗ್ರಾಂ ಮೆಗ್ನೀಷಿಯಂ ಒದಗಿಸುವಂತೆ ಎರಡು ಸಲ. ಅಳೆದ ಕೋಲೂ ಬೇರೆ. ಮೊದಲ ತಂಡ ನೋವು ಎಷ್ಟು ಸಲ ಬಂತು ಎಂದು ಎಣಿಸಿತು, ಎರಡನೆಯ ತಂಡ ಬಂದ ನೋವು ಎಷ್ಟು ಹೊತ್ತು ಇತ್ತು, ಎಷ್ಟು ತೀವ್ರವಾಗಿತ್ತು ಎಂದು ಅಳೆಯಿತು. ವಿಶೇಷವೆಂದರೆ ಗೆದ್ದ ಪ್ರಯೋಗದಲ್ಲೂ ನೋವಿನ ಅವಧಿ ಮತ್ತು ತೀವ್ರತೆಯಲ್ಲಿ ಖಚಿತ ವ್ಯತ್ಯಾಸವೇನೂ ಸಿಕ್ಕಿರಲಿಲ್ಲ. ಅಂದರೆ ಎರಡೂ ಫಲಿತಾಂಶಗಳನ್ನು ಒಟ್ಟಿಗೆ ಒಪ್ಪಿಕೊಳ್ಳಲು ಅಡ್ಡಿಯಿಲ್ಲ: ಮೆಗ್ನೀಷಿಯಂ ನೋವಿನ ಸಲಗಳನ್ನು ಒಂದಿಷ್ಟು ತಗ್ಗಿಸಬಹುದು, ಬಂದ ನೋವಿನ ಕಾಟವನ್ನು ತಗ್ಗಿಸದಿರಬಹುದು. ಇದು ಒಂದು ಓದು ಅಷ್ಟೇ. ಎರಡು ಚಿಕ್ಕ ಪ್ರಯೋಗಗಳ ನಡುವೆ ಇಂಥ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರುತ್ತದೆ.

ಇನ್ನೊಂದು ತೊಡಕು ಹೊಟ್ಟೆಯದು. ಮೆಗ್ನೀಷಿಯಂ ಲವಣಗಳು ಕರುಳಿಗೆ ನೀರೆಳೆಯುತ್ತವೆ. ಮಲಬದ್ಧತೆಗೆ ಕೊಡುವ ಎಷ್ಟೋ ಔಷಧಗಳಲ್ಲಿ ಇರುವುದು ಮೆಗ್ನೀಷಿಯಮ್ಮೇ. ಗೆದ್ದ ಪ್ರಯೋಗದಲ್ಲಿ ಮೆಗ್ನೀಷಿಯಂ ಪಡೆದವರಲ್ಲಿ ಶೇ 18.6 ಮಂದಿಗೆ ಬೇಧಿಯಾಯಿತು. ಸೋತದ್ದರಲ್ಲಿ ಸುಮಾರು ಅರ್ಧದಷ್ಟು ಜನ ಏನಾದರೊಂದು ತೊಂದರೆ ಹೇಳಿಕೊಂಡರು, ಹೆಚ್ಚಿನದು ಸಡಿಲ ಮಲ. ಹೊಟ್ಟೆ ಸಡಿಲವಾದವರಿಗೆ ತಮಗೆ ಸಿಕ್ಕಿದ್ದು ಅಸಲಿ ಮಾತ್ರೆ ಎಂಬ ಊಹೆ ಬರುತ್ತದೆ. ಊಹೆ ಬಂದ ಮೇಲೆ ನಿರೀಕ್ಷೆಯೂ ಬರುತ್ತದೆ. ಹೀಗಾಗಿ ಯಾರಿಗೆ ಯಾವುದು ಸಿಕ್ಕಿದೆ ಎಂಬುದನ್ನು ಮುಚ್ಚಿಡಬೇಕಾದ ಪ್ರಯೋಗದ ಗುಟ್ಟು ಹೊಟ್ಟೆಯಿಂದಲೇ ಬಯಲಾಗಬಹುದು.

ಮೆಗ್ನೀಷಿಯಂ ಕೊಳ್ಳುವವರು ಎಡವುವ ಜಾಗ ಲೇಬಲ್. ‘ಮೆಗ್ನೀಷಿಯಂ ಸಿಟ್ರೇಟ್ 1000 ಮಿ.ಗ್ರಾಂ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದು ಇಡೀ ಲವಣದ ತೂಕ. ಅದರಲ್ಲಿ ಮೆಗ್ನೀಷಿಯಂ ಎಂಬ ಮೂಲವಸ್ತು ಇರುವುದು ಶೇ 16ರಷ್ಟು, ಅಂದರೆ ಸುಮಾರು 160 ಮಿಲಿಗ್ರಾಂ. ಪ್ರಯೋಗದಲ್ಲಿ ಕೊಟ್ಟ 600 ಮಿಲಿಗ್ರಾಂ ಮುಟ್ಟಬೇಕಾದರೆ ಅಂಥದ್ದು ದಿನಕ್ಕೆ ಸುಮಾರು ನಾಲ್ಕು ಬೇಕು. ಮೆಗ್ನೀಷಿಯಂ ಆಕ್ಸೈಡಿನಲ್ಲಿ ಮೂಲವಸ್ತು ಶೇ 60ರಷ್ಟಿರುತ್ತದೆ. ಲೇಬಲ್ ಮೇಲೆ ಅಂಕಿ ಚೆನ್ನಾಗಿ ಕಾಣುತ್ತದೆ, ಮಾತ್ರೆಯೂ ಅಗ್ಗ, ಆದರೆ ಮೈಗೆ ಹೀರಿಕೆಯಾಗುವ ಪ್ರಮಾಣ ಸಿಟ್ರೇಟಿಗಿಂತ ಕಡಿಮೆ. ಚಿಕ್ಕ ಅಕ್ಷರದಲ್ಲಿ ‘ಎಲಿಮೆಂಟಲ್ ಮೆಗ್ನೀಷಿಯಂ’ ಎಂದಿರುವ ಸಾಲನ್ನೇ ಹುಡುಕಿ ಓದಬೇಕು. ಆ ಸಾಲು ಇಲ್ಲದ ಡಬ್ಬಿಯನ್ನು ಅಂಗಡಿಯವರಿಗೇ ವಾಪಸ್ ಕೊಡುವುದು ಒಳ್ಳೆಯದು. 600 ಮಿಲಿಗ್ರಾಂ ಎಂಬುದು ಸಣ್ಣ ಪ್ರಮಾಣವೇನಲ್ಲ ಎಂಬುದೂ ಗೊತ್ತಿರಲಿ. ವೈದ್ಯರ ಸಲಹೆಯಿಲ್ಲದೆ ಪೂರಕದ ರೂಪದಲ್ಲಿ ತೆಗೆದುಕೊಳ್ಳುವ ಮೆಗ್ನೀಷಿಯಮ್ಮಿಗೆ ಅಮೆರಿಕದಲ್ಲಿ ಹಾಕಿರುವ ಮೇಲ್ಮಿತಿ ದಿನಕ್ಕೆ 350 ಮಿಲಿಗ್ರಾಂ, ಅದಕ್ಕೆ ಕಾರಣ ಬೇಧಿಯೇ.

ರೈಬೋಫ್ಲೇವಿನ್ ಕಥೆ ಶುರುವಾಗುವುದು ಬೆಲ್ಜಿಯಂನ ಲೀಜ್ ನಗರದಲ್ಲಿ. ಅಲ್ಲಿನ ನರರೋಗ ತಜ್ಞ ಜಾನ್ ಶೋನೆನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. 55 ಮಂದಿಗೆ ಮೊದಲು ಒಂದು ತಿಂಗಳು ಹುಸಿಮಾತ್ರೆ ಕೊಟ್ಟು ನೋಡಿ, ಆಮೇಲೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 400 ಮಿಲಿಗ್ರಾಂ ರೈಬೋಫ್ಲೇವಿನ್, ಇನ್ನೊಂದಕ್ಕೆ ಹುಸಿಮಾತ್ರೆ ಮೂರು ತಿಂಗಳು ಕೊಟ್ಟರು. ತಲೆನೋವಿನ ದಿನಗಳು ಕನಿಷ್ಠ ಅರ್ಧದಷ್ಟು ಕಡಿಮೆಯಾದವರು ಬಿ2 ಗುಂಪಿನಲ್ಲಿ ಶೇ 59, ಹುಸಿಮಾತ್ರೆ ಗುಂಪಿನಲ್ಲಿ ಶೇ 15. ಇದು ಬಹಳ ದೊಡ್ಡ ಅಂತರ. ಇಷ್ಟು ಅಂತರ ಎಷ್ಟೋ ದುಬಾರಿ ಔಷಧಗಳಿಗೂ ಸಿಕ್ಕಿಲ್ಲ.

ನನಗೆ ಅನುಮಾನ ಹುಟ್ಟಿಸುವುದೂ ಈ ದೊಡ್ಡ ಅಂತರವೇ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದ ಬಿ2 ಸುಮಾರು 2 ಮಿಲಿಗ್ರಾಂ. 400 ಎಂದರೆ ಅದರ ಇನ್ನೂರು ಪಟ್ಟು. ಮನುಷ್ಯನ ಕರುಳು ಒಂದು ಸಲಕ್ಕೆ ಹೀರಿಕೊಳ್ಳಬಲ್ಲದ್ದು ಮಾತ್ರ ಹೆಚ್ಚೆಂದರೆ 27 ಮಿಲಿಗ್ರಾಂ ಎಂದು ಅಳತೆ ಮಾಡಿದವರು ಹೇಳುತ್ತಾರೆ. ಉಳಿದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಹೀರಿಕೆಯಾದದ್ದರಲ್ಲಿ ದೇಹಕ್ಕೆ ಬೇಡವಾದ ಪಾಲು ಮೂತ್ರದಲ್ಲಿ ಬರುತ್ತದೆ, ಮೂತ್ರ ಕಣ್ಣಿಗೆ ಹೊಡೆಯುವಂಥ ಹಳದಿಯಾಗುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡವರಿಗೆಲ್ಲ ಈ ಬಣ್ಣ ಪರಿಚಿತ. ಪ್ರಯೋಗದಲ್ಲಿ ಪಾಲ್ಗೊಂಡವರಿಗೆ ಮೊದಲ ದಿನವೇ ತಮಗೆ ಏನು ಸಿಕ್ಕಿದೆ ಎಂದು ಬಚ್ಚಲಲ್ಲಿ ಗೊತ್ತಾಗಿಬಿಡುವ ಅಪಾಯವಿದೆ.

ಈ ಅಪಾಯವನ್ನು ಗಂಭೀರವಾಗಿ ತೆಗೆದುಕೊಂಡವರು ಕ್ಯಾಲಿಫೋರ್ನಿಯಾದ ವೈದ್ಯ ಮಾರಿಸ್ ಮೈಜಲ್ಸ್ ಮತ್ತು ತಂಡ. 2004ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಂದು ಗುಂಪಿಗೆ 400 ಮಿಲಿಗ್ರಾಂ ರೈಬೋಫ್ಲೇವಿನ್, 300 ಮಿಲಿಗ್ರಾಂ ಮೆಗ್ನೀಷಿಯಂ, ಜೊತೆಗೆ ಫೀವರ್‌ಫ್ಯೂ ಎಂಬ ಮೂಲಿಕೆ ಕೊಟ್ಟರು. ಇನ್ನೊಂದು ಗುಂಪಿನ ಹುಸಿಮಾತ್ರೆಯಲ್ಲೂ 25 ಮಿಲಿಗ್ರಾಂ ರೈಬೋಫ್ಲೇವಿನ್ ಬೆರೆಸಿದರು, ಮೂತ್ರ ಎರಡೂ ಗುಂಪಿನವರಿಗೆ ಹಳದಿಯಾಗಲಿ ಎಂದು. ಫಲಿತಾಂಶ ಬಂದಾಗ ಮೈಗ್ರೇನ್ ಅರ್ಧಕ್ಕಿಳಿದವರು ಅಸಲಿ ಮಾತ್ರೆಯ 24 ಮಂದಿಯಲ್ಲಿ ಹತ್ತು, ಹಳದಿ ಬೆರೆಸಿದ ಹುಸಿಮಾತ್ರೆಯ 25 ಮಂದಿಯಲ್ಲಿ ಹನ್ನೊಂದು. ಅಂತರವೇ ಇಲ್ಲ.

ಇದನ್ನು ಎರಡು ರೀತಿ ಓದಬಹುದು. ಎರಡೂ ಗುಂಪಿನಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಗುಣ ಕಂಡಿತು. ಇದು ಹುಸಿಮಾತ್ರೆಗೆ ಸಾಮಾನ್ಯವಾಗಿ ಸಿಗುವುದಕ್ಕಿಂತ ಹೆಚ್ಚು, ಹಾಗಾಗಿ 25 ಮಿಲಿಗ್ರಾಂ ಬಿ2 ಕೂಡ ಕೆಲಸ ಮಾಡಿರಬಹುದು ಎಂಬುದು ಸಂಶೋಧಕರೇ ಮುಂದಿಟ್ಟ ಓದು. ಕರುಳು ಹೀರುವ ಮಿತಿ 27 ಮಿಲಿಗ್ರಾಂ ಎಂಬುದನ್ನು ನೆನಪಿಟ್ಟುಕೊಂಡರೆ ಇದನ್ನು ಸುಮ್ಮನೆ ತಳ್ಳಿಹಾಕಲಾಗದು. 25 ನುಂಗಿದವರಿಗೂ 400 ನುಂಗಿದವರಿಗೂ ರಕ್ತ ಸೇರಿದ್ದು ಹೆಚ್ಚುಕಡಿಮೆ ಒಂದೇ ಇರಬಹುದು. ಎರಡನೆಯ ಓದು ಹೆಚ್ಚು ಸರಳ: ಬಣ್ಣದ ಗುಟ್ಟು ಮುಚ್ಚಿದ ಕೂಡಲೇ ಬಿ2ನ ಮೇಲುಗೈಯೂ ಮಾಯವಾಯಿತು. ಇವೆರಡರಲ್ಲಿ ಯಾವುದು ಸರಿ ಎಂದು ಹೇಳಬೇಕಾದರೆ ಒಂದೂ ಬಿ2 ಇಲ್ಲದ, ಆದರೆ ಮೂತ್ರಕ್ಕೆ ಅದೇ ಬಣ್ಣ ಕೊಡುವ ಹುಸಿಮಾತ್ರೆಯೊಂದಿಗೆ ನೂರಾರು ಜನರ ಪ್ರಯೋಗ ಆಗಬೇಕು. ನನಗೆ ಎರಡನೆಯ ಓದಿನ ಕಡೆಗೇ ಒಲವು, ಆದರೆ ಮೊದಲನೆಯದು ತಪ್ಪೆಂದು ತೋರಿಸುವ ಆಧಾರ ನನ್ನಲ್ಲಿಲ್ಲ.

ಮಕ್ಕಳ ವಿಷಯದಲ್ಲಿ ಚಿತ್ರ ಇನ್ನೂ ಮಸುಕು. ಆಸ್ಟ್ರೇಲಿಯಾದಲ್ಲಿ 48 ಮಕ್ಕಳಿಗೆ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 200 ಮಿಲಿಗ್ರಾಂ ಬಿ2 ಪಡೆದ 27 ಮಕ್ಕಳಲ್ಲಿ 12 ಮಕ್ಕಳಿಗೆ, ಹುಸಿಮಾತ್ರೆ ಪಡೆದ 21 ಮಕ್ಕಳಲ್ಲಿ 14 ಮಕ್ಕಳಿಗೆ ನೋವು ಅರ್ಧಕ್ಕಿಳಿಯಿತು. ಹುಸಿಮಾತ್ರೆಯೇ ಮುಂದೆ. ಶಾಲೆಗೆ ಹೋಗುವ ಮಗುವಿಗೆ ಈ ಮಾತ್ರೆ ಕೊಡಬೇಕೇ ಎಂದು ಕೇಳುವ ತಂದೆತಾಯಿಗೆ ಪ್ರಯೋಗಗಳ ಬೆಂಬಲ ಇಲ್ಲ ಎಂದೇ ಹೇಳಬೇಕು.

ಮೂರರಲ್ಲಿ ಬೆಲೆ ಹೆಚ್ಚು ಕ್ಯೂ ಟೆನ್‌ಗೆ, ಆಧಾರ ಮಾತ್ರ ಮೂರರಲ್ಲಿ ತೆಳು. ಅದರ ಮುಖ್ಯ ಪ್ರಯೋಗ 2005ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ಇದರಲ್ಲೂ ಶೋನೆನ್ ಇದ್ದರು. ಪಾಲ್ಗೊಂಡವರು 42 ಮಂದಿ. ದಿನಕ್ಕೆ 100 ಮಿಲಿಗ್ರಾಂನಂತೆ ಮೂರು ಸಲ, ಮೂರು ತಿಂಗಳು. ನೋವು ಬರುವ ಸಲಗಳು ಅರ್ಧಕ್ಕಿಳಿದವರು ಕ್ಯೂ ಟೆನ್ ಗುಂಪಿನಲ್ಲಿ ಶೇ 47.6, ಹುಸಿಮಾತ್ರೆ ಗುಂಪಿನಲ್ಲಿ ಶೇ 14.4. ಶೇಕಡಾವಾರು ಲೆಕ್ಕ ಬಿಟ್ಟು ಸರಾಸರಿ ನೋಡಿದರೆ ಚಿತ್ರ ಸ್ವಲ್ಪ ತಣ್ಣಗಾಗುತ್ತದೆ: ತಿಂಗಳಿಗೆ ಸುಮಾರು ನಾಲ್ಕೂವರೆ ಸಲ ಬರುತ್ತಿದ್ದ ನೋವು ಕ್ಯೂ ಟೆನ್ ಪಡೆದವರಲ್ಲಿ ಒಂದು ಸಲದಷ್ಟು ಕಡಿಮೆಯಾಯಿತು, ಹುಸಿಮಾತ್ರೆ ಪಡೆದವರಲ್ಲಿ ಇದ್ದಲ್ಲೇ ಇತ್ತು. ತಿಂಗಳಿಗೆ ಒಂದು ನೋವು ತಪ್ಪುವುದು ಅನುಭವಿಸುವವರಿಗೆ ಸಣ್ಣ ವಿಷಯವಲ್ಲ. ಆದರೆ 42 ಜನರ ಪ್ರಯೋಗದಲ್ಲಿ ಇಬ್ಬರು ಮೂವರ ಫಲಿತಾಂಶ ಆಚೀಚೆಯಾದರೂ ಲೆಕ್ಕ ಬದಲಾಗುತ್ತದೆ. ಮಕ್ಕಳು ಮತ್ತು ಹದಿಹರೆಯದವರ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ಯೂ ಟೆನ್ ಗುಂಪೂ ಹುಸಿಮಾತ್ರೆ ಗುಂಪೂ ಎರಡೂ ಸುಧಾರಿಸಿದವು, ಕೊನೆಗೆ ವ್ಯತ್ಯಾಸ ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡುವೆಯೇ ಬಿಟ್ಟುಹೋಗಿದ್ದರಿಂದ ಆ ಫಲಿತಾಂಶವನ್ನೂ ಪೂರ್ತಿ ನಂಬುವಂತಿಲ್ಲ.

ಹಾಗಾದರೆ ಮೂರನ್ನೂ ಸೇರಿಸಿ ಕೊಟ್ಟರೆ? ಮೆಡಿಕಲ್ ಶಾಪಿನಲ್ಲಿ ಸಿಗುವುದು ಹೆಚ್ಚಾಗಿ ಅದೇ ಆದ್ದರಿಂದ ಈ ಪ್ರಶ್ನೆಗೆ ತೂಕವಿದೆ. ಜರ್ಮನಿಯ ಚಾರ್ಲಿ ಗಾಲ್ ಮತ್ತು ತಂಡ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿತು. 130 ಮಂದಿ, ಮೂರು ತಿಂಗಳು. ದಿನಕ್ಕೆ 600 ಮಿಲಿಗ್ರಾಂ ಮೆಗ್ನೀಷಿಯಂ, 400 ಮಿಲಿಗ್ರಾಂ ರೈಬೋಫ್ಲೇವಿನ್, 150 ಮಿಲಿಗ್ರಾಂ ಕ್ಯೂ ಟೆನ್, ಜೊತೆಗೆ ಸ್ವಲ್ಪ ಸ್ವಲ್ಪ ಇತರ ಜೀವಸತ್ವಗಳು. ಆರಂಭದಲ್ಲಿ ಎರಡೂ ಗುಂಪಿನವರಿಗೆ ತಿಂಗಳಿಗೆ ಸರಾಸರಿ 6.2 ದಿನ ಮೈಗ್ರೇನ್ ಇತ್ತು. ಮೂರು ತಿಂಗಳ ನಂತರ ಅಸಲಿ ಮಾತ್ರೆಯವರಿಗೆ 4.4 ದಿನ, ಹುಸಿಮಾತ್ರೆಯವರಿಗೆ 5.2 ದಿನ. ವ್ಯತ್ಯಾಸ ಒಂದು ದಿನಕ್ಕೂ ಕಡಿಮೆ, ಅದು ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಪ್ರಯೋಗ ಶುರುಮಾಡುವಾಗ ಸಂಶೋಧಕರು ಮುಖ್ಯವೆಂದು ಮೊದಲೇ ಬರೆದಿಟ್ಟುಕೊಂಡಿದ್ದ ಅಳತೆ ಈ ದಿನಗಳ ಎಣಿಕೆಯೇ, ಆ ಅಳತೆಯಲ್ಲಿ ಮಾತ್ರೆ ಗೆಲ್ಲಲಿಲ್ಲ. ಆದರೆ ನೋವಿನ ತೀವ್ರತೆ ಅಸಲಿ ಗುಂಪಿನಲ್ಲಿ ಹೆಚ್ಚು ಇಳಿದಿತ್ತು, ತಲೆನೋವು ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆಯುವ ಪ್ರಶ್ನಾವಳಿಯಲ್ಲೂ ಅವರೇ ಮೇಲಾಗಿದ್ದರು. ಮಾರಾಟದ ಮಾತಿನಲ್ಲಿ ಈ ಎರಡನೆಯ ಭಾಗ ಮಾತ್ರ ಕೇಳಿಬರುತ್ತದೆ. ಇಲ್ಲೂ ಮೂತ್ರದ ಬಣ್ಣ ಮತ್ತು ಬೇಧಿ ಅಸಲಿ ಗುಂಪಿನಲ್ಲಿ ಕಾಣಿಸಿಕೊಂಡಿದ್ದವು. ದಿನಗಳನ್ನು ಎಣಿಸುವುದಕ್ಕಿಂತ ತೀವ್ರತೆಯನ್ನು ಅಂದಾಜು ಮಾಡುವುದರ ಮೇಲೆ ನಿರೀಕ್ಷೆಯ ಪ್ರಭಾವ ಹೆಚ್ಚು ಎಂಬುದನ್ನು ಮರೆಯಬಾರದು.

ಇಷ್ಟು ಅರೆಬರೆ ಆಧಾರವಿದ್ದರೂ ವೈದ್ಯ ಸಂಘಗಳು ಇವನ್ನು ಪಟ್ಟಿಯಲ್ಲಿ ಇಟ್ಟಿವೆ. 2012ರ ಅಮೆರಿಕನ್ ಮಾರ್ಗಸೂಚಿ ಮೆಗ್ನೀಷಿಯಂ ಮತ್ತು ರೈಬೋಫ್ಲೇವಿನ್‌ಗೆ ‘ಬಹುಶಃ ಪರಿಣಾಮಕಾರಿ’ ಎಂಬ ಎರಡನೆಯ ದರ್ಜೆ, ಕ್ಯೂ ಟೆನ್‌ಗೆ ‘ಪರಿಣಾಮಕಾರಿ ಇರಬಹುದು’ ಎಂಬ ಮೂರನೆಯ ದರ್ಜೆ ಕೊಟ್ಟಿತ್ತು. ಅದೇ ವರ್ಷ ಕೆನಡಾದ ತಲೆನೋವು ಸಂಘ, ಆಧಾರದ ಗುಣಮಟ್ಟ ಕೆಳಮಟ್ಟದ್ದೆಂದು ಒಪ್ಪಿಕೊಂಡೇ, ಮೂರನ್ನೂ ಶಿಫಾರಸು ಮಾಡಿತು. ಕಾರಣ ಸರಳ: ಇವುಗಳಿಂದ ಅಪಾಯ ತೀರಾ ಕಡಿಮೆ. ಮೈಗ್ರೇನ್ ತಡೆಯುವ ಇತರ ಮಾತ್ರೆಗಳಲ್ಲಿ ಕೆಲವು ತೂಕ ಏರಿಸುತ್ತವೆ, ಕೆಲವು ಮಂಕು ಹಿಡಿಸುತ್ತವೆ, ಕೆಲವನ್ನು ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ. ಅವುಗಳ ಎದುರು ಇವು ನಿರುಪದ್ರವಿ ಎನಿಸುವುದು ಸಹಜ.

ಆದರೆ ಆ 2012ರ ಅಮೆರಿಕನ್ ಪಟ್ಟಿಯಲ್ಲಿ ಈ ಮೂರಕ್ಕಿಂತ ಮೇಲೆ, ಮೊದಲ ದರ್ಜೆಯಲ್ಲಿ ಇದ್ದದ್ದು ಬಟರ್‌ಬರ್ ಎಂಬ ಗಿಡದ ಬೇರಿನ ಸಾರ. ಪ್ರಯೋಗಗಳ ಲೆಕ್ಕದಲ್ಲಿ ಅದೇ ಮುಂದಿತ್ತು. ಅದನ್ನು ಸೇವಿಸಿದ ಕೆಲವರಿಗೆ ಯಕೃತ್ತಿಗೆ ಹಾನಿಯಾದ ವರದಿಗಳ ಹಿನ್ನೆಲೆಯಲ್ಲಿ 2015ರಲ್ಲಿ ಆ ಮಾರ್ಗಸೂಚಿಯನ್ನೇ ಹಿಂತೆಗೆದುಕೊಂಡರು. ಔಷಧದ ಪಟ್ಟಿಗೆ ಸೇರದ, ಪೂರಕವೆಂದು ಮಾರುವ ವಸ್ತುಗಳ ಮೇಲೆ ಔಷಧಗಳಷ್ಟು ಬಿಗಿ ನಿಗಾ ಇರುವುದಿಲ್ಲ. ನಮ್ಮಲ್ಲೂ ಇಂಥವು ಬರುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಅಡಿ. ಆದ್ದರಿಂದ ಡಬ್ಬಿಯಲ್ಲಿ ಈ ಮೂರರ ಜೊತೆ ಬೇರೆ ಮೂಲಿಕೆಗಳು ಸೇರಿದ್ದರೆ ಅದನ್ನು ಕೊಳ್ಳದಿರುವುದೇ ಕ್ಷೇಮ.

ಇಷ್ಟೆಲ್ಲ ತಿಳಿದ ಮೇಲೂ ಒಮ್ಮೆ ನೋಡಿಯೇ ಬಿಡೋಣ ಎನ್ನುವವರು ಅನೇಕರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಹೇಗೆ ನೋಡಬೇಕು ಎಂಬುದಕ್ಕೆ ಒಬ್ಬ ಪ್ರೌಢಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ತಿಂಗಳಿಗೆ ಏಳೆಂಟು ದಿನ ನೋವು ಬರುತ್ತದೆ, ವೈದ್ಯರು ಪರೀಕ್ಷಿಸಿ ಮೈಗ್ರೇನ್ ಎಂದೇ ಹೇಳಿದ್ದಾರೆ, ದಿನವೂ ನುಂಗುವ ಔಷಧಕ್ಕೆ ಆಕೆ ಇನ್ನೂ ಒಪ್ಪಿಲ್ಲ. ಆಕೆ ಮಾಡಬೇಕಾದ ಮೊದಲ ಕೆಲಸ ಮಾತ್ರೆ ಕೊಳ್ಳುವುದಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಗುರುತು ಹಾಕುವುದು. ನೋವು ಬಂದ ದಿನಕ್ಕೆ ಒಂದು ಗೀಟು, ನೋವಿನ ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು ಗೀಟು, ಮುಟ್ಟಿನ ದಿನಗಳಿಗೆ ಒಂದು ಚುಕ್ಕೆ. ಲೀಜ್‌ನ ಪ್ರಯೋಗದಲ್ಲಿ ಮೊದಲ ತಿಂಗಳು ಎಲ್ಲರಿಗೂ ಹುಸಿಮಾತ್ರೆ ಕೊಟ್ಟು ನೋಡಿದ್ದು ಇದೇ ಕಾರಣಕ್ಕೆ. ಆರಂಭದ ಲೆಕ್ಕ ಗೊತ್ತಿಲ್ಲದೆ ಕೊನೆಯ ಲೆಕ್ಕಕ್ಕೆ ಅರ್ಥವಿಲ್ಲ.

ಆ ತಿಂಗಳು ಎಂಟು ದಿನ ನೋವು ಬಂತು ಎನ್ನೋಣ. ಆಮೇಲೆ ಮೂರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೂರನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದರಿಂದ ಹೊಟ್ಟೆ ಕೆಟ್ಟಿತು ಗೊತ್ತಾಗುವುದಿಲ್ಲ, ಹಣವೂ ಮೂರು ಪಟ್ಟು. ರೈಬೋಫ್ಲೇವಿನ್ ಆರಿಸಿದರೆ ಅದೊಂದೇ ಇರುವ ಮಾತ್ರೆ ಬೇಕು. ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಬಿ2 ಸಾಮಾನ್ಯವಾಗಿ 10 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅದನ್ನೇ ಹತ್ತಾರು ನುಂಗಿ 400 ಮುಟ್ಟಲು ಯಾರೂ ಹೋಗಬಾರದು. ಅದರಲ್ಲಿರುವ ಬಿ6 ಬಹಳ ದಿನ ಅತಿಯಾದರೆ ಕೈಕಾಲಿನ ನರಗಳಿಗೆ ಹಾನಿ ಮಾಡುತ್ತದೆ. ಮೆಗ್ನೀಷಿಯಂ ಆರಿಸಿದರೆ ಕಡಿಮೆ ಪ್ರಮಾಣದಲ್ಲಿ ಊಟದ ಜೊತೆ ಶುರುಮಾಡಿ, ಹೊಟ್ಟೆ ತಡೆದುಕೊಂಡಂತೆ ವೈದ್ಯರು ಹೇಳಿದಷ್ಟಕ್ಕೆ ಏರಿಸಬೇಕು.

ಕಾಯಬೇಕಾದದ್ದು ಮೂರು ತಿಂಗಳು. ಮೊದಲ ತಿಂಗಳು ಏಳು, ಎರಡನೆಯದು ಐದು, ಮೂರನೆಯದು ಏಳು ಎಂದಾದರೆ? ನಡುವಿನ ಐದನ್ನು ಹಿಡಿದುಕೊಂಡು ‘ಗುಣ ಕಾಣುತ್ತಿದೆ’ ಎಂದು ಮುಂದುವರಿಸುವುದು ಬೇಡ. ಎಂಟರಿಂದ ಏಳಕ್ಕೆ ಇಳಿದದ್ದು ಹುಸಿಮಾತ್ರೆಯಿಂದಲೂ ಆಗುವಂಥದ್ದು. ಅಲ್ಲಿಗೆ ನಿಲ್ಲಿಸಬಹುದು. ಮೂರನೆಯ ತಿಂಗಳು ನಾಲ್ಕು ಅಥವಾ ಅದಕ್ಕಿಂತ ಕಡಿಮೆಯಾದರೆ ಪ್ರಯೋಗಗಳು ಗುಣವೆಂದು ಲೆಕ್ಕ ಹಾಕುವ ಅರ್ಧದ ಗೆರೆಯನ್ನು ಮುಟ್ಟಿದಂತಾಯಿತು. ಆಗ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಬೇಕೆಂದೇ ನಿಲ್ಲಿಸಿ, ಮತ್ತೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ನೋಡಬೇಕು. ನಿಲ್ಲಿಸಿದ ಮೇಲೂ ನೋವು ಹೆಚ್ಚದಿದ್ದರೆ ಆ ಮಾತ್ರೆಗೆ ಇನ್ನು ಹಣ ಸುರಿಯುವ ಅಗತ್ಯವಿಲ್ಲ.

ಕ್ಯಾಲೆಂಡರಿನ ಎರಡನೆಯ ಗೀಟು ಇನ್ನೊಂದು ಕಾರಣಕ್ಕೆ ಮುಖ್ಯ. ಕೆಫೀನ್ ಮುಂತಾದವು ಬೆರೆತ ನೋವಿನ ಮಾತ್ರೆ ಅಥವಾ ಟ್ರಿಪ್ಟಾನ್ ಜಾತಿಯ ಮಾತ್ರೆಯನ್ನು ತಿಂಗಳಿಗೆ ಹತ್ತು ದಿನ, ಬರೀ ಪ್ಯಾರಸಿಟಮಾಲ್‌ನಂಥದನ್ನು ಹದಿನೈದು ದಿನ, ಮೂರು ತಿಂಗಳಿಗೂ ಮೇಲೆ ನುಂಗುತ್ತಿದ್ದರೆ ಆ ಮಾತ್ರೆಗಳೇ ತಲೆನೋವನ್ನು ಹೆಚ್ಚಿಸುತ್ತವೆ. ಅಂಥವರಿಗೆ ಮೆಗ್ನೀಷಿಯಮ್ಮಾಗಲಿ ಬಿ2 ಆಗಲಿ ಉತ್ತರವಲ್ಲ, ಮೊದಲು ಆ ಚಕ್ರ ಮುರಿಯಬೇಕು, ಅದಕ್ಕೆ ವೈದ್ಯರೇ ಬೇಕು.

ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮೆಗ್ನೀಷಿಯಂ ಮುಟ್ಟಬಾರದು, ಅದು ಹೊರಹೋಗದೆ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರುತ್ತದೆ. ಥೈರಾಯ್ಡ್ ಮಾತ್ರೆ ಮತ್ತು ಕೆಲವು ಆಂಟಿಬಯಾಟಿಕ್‌ಗಳ ಹೀರಿಕೆಗೂ ಮೆಗ್ನೀಷಿಯಂ ಅಡ್ಡಬರುವುದರಿಂದ ನಡುವೆ ಕೆಲವು ಗಂಟೆ ಅಂತರ ಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕ್ಯೂ ಟೆನ್ ಆ ಔಷಧದ ಬಲವನ್ನು ಕುಗ್ಗಿಸಬಹುದು. ಗರ್ಭಿಣಿಯರು ಮೂರರಲ್ಲಿ ಯಾವುದನ್ನೂ ಸ್ವಂತ ನಿರ್ಧಾರದಿಂದ ಶುರುಮಾಡಬಾರದು. ಇನ್ನು, ಜೀವನದಲ್ಲೇ ಕಾಣದಂಥ ತಲೆನೋವು ಸಿಡಿಲಿನಂತೆ ಹಠಾತ್ತನೆ ಬಂದರೆ, ಜೊತೆಗೆ ಜ್ವರ, ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ, ಅಥವಾ ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ ಅದನ್ನು ಮೈಗ್ರೇನ್ ಎಂದುಕೊಂಡು ಪೂರಕ ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ನನ್ನ ತೀರ್ಪು ಇಷ್ಟು. ತಿಂಗಳಿಗೆ ನಾಲ್ಕಾರು ದಿನ ಮೈಗ್ರೇನ್ ಬರುವ, ಮೂತ್ರಪಿಂಡ ಸರಿಯಿರುವ ವಯಸ್ಕರು ಮೆಗ್ನೀಷಿಯಂ ಅಥವಾ ರೈಬೋಫ್ಲೇವಿನ್ ಅನ್ನು ಲೆಕ್ಕವಿಟ್ಟು ಮೂರು ತಿಂಗಳು ನೋಡಬಹುದು. ಕ್ಯೂ ಟೆನ್‌ಗೆ ಹಣ ಹಾಕುವಷ್ಟು ಆಧಾರ ಇನ್ನೂ ಇಲ್ಲ. ನೋವಿನಿಂದ ಕೆಲಸಕ್ಕೆ ಪದೇ ಪದೇ ರಜೆ ಹಾಕುತ್ತಿರುವವರು ಈ ಮೂರರಲ್ಲಿ ಯಾವುದಕ್ಕೂ ತಿಂಗಳುಗಟ್ಟಲೆ ಕಾಯದೆ ನರರೋಗ ತಜ್ಞರನ್ನು ಕಾಣಬೇಕು. ಹೋಗುವಾಗ ಆ ಕ್ಯಾಲೆಂಡರನ್ನೂ ಜೊತೆಗೆ ಒಯ್ಯಿರಿ.